ಬಾಕ್ಸ್ ಕೂಗಲಿಲ್ವಲ್ಲ

ಮಂಜಣ್ಣನ ಸ್ಟೇಷನರಿ ಅಂಗಡಿಯಲ್ಲಿ ಎಲ್ಲಕ್ಕಿಂತ ಜೋರು ಬಾಯಿ ಅಂದ್ರೆ ಆ ಸೌಂಡ್‌ಬಾಕ್ಸಿನದ್ದು. ಯಾರಾದರೂ ಸ್ಕ್ಯಾನ್ ಮಾಡಿ ದುಡ್ಡು ಹಾಕಿದರೆ ಸಾಕು, ಪಕ್ಕದ ಟೈಲರ್ ಅಂಗಡಿಗೂ ಕೇಳುವ ಹಾಗೆ ಕೂಗುತ್ತದೆ. "ಊರಿಗೆಲ್ಲಾ ನಮ್ಮ ವ್ಯಾಪಾರ ಸಾರ್ತದೆ ಇದು, ಸ್ವಲ್ಪ ಸಣ್ಣಕ್ಕಿಡಿ" ಅಂತ ಹೆಂಡತಿ ಸರೋಜಾ ದಿನಾ ಗೊಣಗುತ್ತಿದ್ದಳು.

ಆವತ್ತು ಮಧ್ಯಾಹ್ನ ಸರೋಜಾ ಊಟಕ್ಕೆ ಹೋಗಿದ್ದಳು. ಫೋನ್ ಬಂತು.

"ನಮಸ್ಕಾರ ಸಾರ್, ರೀಫಂಡ್ ವಿಭಾಗದಿಂದ ಮಾತಾಡ್ತಿದೀನಿ. ನಿಮ್ಮದೊಂದು ರೀಫಂಡ್ ಬಾಕಿ ಇದೆ ಅಲ್ವಾ?"

"ಲ್ಯಾಮಿನೇಶನ್ ಮಷೀನಿಂದಾ?"

"ಹಾಂ, ಅದೇ ಸಾರ್. ಎಷ್ಟಿತ್ತು ಹೇಳಿ, ಒಮ್ಮೆ ಟ್ಯಾಲಿ ಮಾಡ್ಕೊಳ್ತೀನಿ."

"ಸಾವಿರದ ಎಂಟುನೂರ ಐವತ್ತು. ವಾಪಸ್ ಕಳಿಸಿ ಹನ್ನೊಂದು ದಿನ ಆಯ್ತು ಕಣಪ್ಪ!"

ನೋಡಿ, ಆ ಹುಡುಗನಿಗೆ ಮಷೀನೂ ಗೊತ್ತಿರಲಿಲ್ಲ, ಮೊತ್ತವೂ ಗೊತ್ತಿರಲಿಲ್ಲ. ಎರಡನ್ನೂ ಹೇಳಿಕೊಟ್ಟಿದ್ದು ಮಂಜಣ್ಣನೇ. ಆದರೆ ಹನ್ನೊಂದು ದಿನದಿಂದ ಕಾಯುತ್ತಿರುವವನಿಗೆ ಅದೆಲ್ಲ ಹೊಳೆಯುತ್ತಾ? ಕೊನೆಗೂ ಒಬ್ಬ ಮನುಷ್ಯ ಫೋನ್ ಮಾಡಿ ಸಾರ್ ಅಂದನಲ್ಲ ಅಂತಲೇ ಅವನಿಗೆ ಅರ್ಧ ಸಮಾಧಾನ.

"ನಿಮ್ಮ ಅಂಗಡಿಯ ಕ್ಯೂಆರ್‌ಗೇ ಹಾಕ್ತೀನಿ ಸಾರ್, ಅದರ ಕೆಳಗಿರೋ ಐಡಿ ಓದಿ."

ಓದಿದ. ಒಂದು ನಿಮಿಷಕ್ಕೆ ಟಿಂಗ್ ಅಂತ ಮೆಸೇಜ್ ಬಂತು. ಕನ್ನಡಕ ಹಣೆ ಮೇಲಿತ್ತು, ಇಳಿಸಿಕೊಂಡು ನೋಡಿದ: ನಿಮ್ಮ ಖಾತೆಗೆ ₹18,500 ಜಮಾ ಆಗಿದೆ.

ಅತ್ತ ಕಡೆ ಹುಡುಗ ಕೂಗಿಕೊಂಡೇ ಬಿಟ್ಟ. "ಅಯ್ಯೋ ಸಾರ್, ಒಂದು ಸೊನ್ನೆ ಜಾಸ್ತಿ ಬಿತ್ತು! ನನ್ನ ಸಂಬಳದಲ್ಲಿ ಹಿಡಿತಾರೆ ಸಾರ್, ಕೆಲಸಕ್ಕೆ ಸೇರಿ ಎರಡು ತಿಂಗಳು ಆಗಿಲ್ಲ. ನಿಮ್ಮದು ಇಟ್ಕೊಂಡು ಮಿಕ್ಕಿದ್ದು ಹದಿನಾರು ಸಾವಿರದ ಆರುನೂರ ಐವತ್ತು ಈ ನಂಬರಿಗೆ ಹಾಕ್ಬಿಡಿ, ಐದು ನಿಮಿಷದೊಳಗೆ ಆದ್ರೆ ಮ್ಯಾನೇಜರ್‌ಗೆ ಗೊತ್ತಾಗಲ್ಲ."

ಮಂಜಣ್ಣನಿಗೆ ಪಾಪ ಅನ್ನಿಸಿತು. ಅವನ ಮಗನೂ ಬೆಂಗಳೂರಲ್ಲಿ ಇಂಥದ್ದೇ ಯಾವುದೋ ಆಫೀಸಲ್ಲಿ ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಬೇರೆಯವರ ದುಡ್ಡು ನಮಗ್ಯಾಕೆ ಅಂದುಕೊಂಡು ಸ್ಪೀಕರಿಗೆ ಹಾಕಿ ಆಪ್ ತೆರೆದ. ನಂಬರ್ ಒತ್ತಿದ, ಮೊತ್ತ ಒತ್ತಿದ. ಪಿನ್ ಕೇಳಿತು. ಒಂದು ಅಂಕಿ, ಎರಡು ಅಂಕಿ.

"ಅಂಕಲ್, ಒಂದ್ ಪೆನ್."

ಯೂನಿಫಾರ್ಮಿನ ಹುಡುಗಿಯೊಬ್ಬಳು ಅಮ್ಮನ ಫೋನ್ ಹಿಡಿದು ನಿಂತಿದ್ದಳು. ಅವಳು ಕಾಯಲೂ ಇಲ್ಲ, ಸ್ಕ್ಯಾನ್ ಮಾಡೇಬಿಟ್ಟಳು.

"ಐದು ರೂಪಾಯಿ ಸ್ವೀಕರಿಸಲಾಗಿದೆ!" ಬಾಕ್ಸ್ ಕೂಗಿತು.

ಮಂಜಣ್ಣನ ಹೆಬ್ಬೆರಳು ಮೂರನೇ ಅಂಕಿ ಮೇಲೆ ಹಾಗೇ ನಿಂತಿತು. ಐದು ರೂಪಾಯಿಗೆ ಇಷ್ಟು ಕೂಗುತ್ತೆ. ಹದಿನೆಂಟೂವರೆ ಸಾವಿರಕ್ಕೆ?

"ಅಲ್ಲಪ್ಪಾ," ಅಂದ ನಿಧಾನಕ್ಕೆ, "ಬಾಕ್ಸ್ ಕೂಗಲಿಲ್ವಲ್ಲ."

"ಸರ್ವರ್ ಡೌನ್ ಇದೆ ಸಾರ್, ಬೇಗ ಹಾಕಿ."

"ಈಗಷ್ಟೇ ಐದು ರೂಪಾಯಿ ಕೂಗ್ತು. ನಿನ್ನ ಸರ್ವರ್ ಪೆನ್ನಿಗೆ ಮಾತ್ರ ಅಪ್ ಇರುತ್ತೇನು?"

ಅಷ್ಟು ಹೊತ್ತು ಸಾರ್ ಸಾರ್ ಅಂತಿದ್ದ ಬಾಯಲ್ಲಿ ಈಗ ಏಕವಚನ ಬಂತು. "ಏಯ್, ಕಂಪನಿ ದುಡ್ಡು ನುಂಗ್ತೀಯಾ? ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ, ಖಾತೆ ಲಾಕ್ ಮಾಡಿಸ್ತೀನಿ."

"ಕೊಡಪ್ಪಾ. ಬ್ಯಾಂಕು ಇಲ್ಲೇ ಎದುರಿಗಿದೆ, ನಾನೇ ಹೋಗಿ ಕೇಳ್ತೀನಿ ತಡಿ."

ಲೈನ್ ಕಟ್ ಆಯಿತು.

ಆಪಿನಿಂದ ಹೊರಬಂದು ಬ್ಯಾಲೆನ್ಸ್ ನೋಡಿದ. ಬೆಳಿಗ್ಗೆಯ ಲೆಕ್ಕದ ಮೇಲೆ ಐದು ರೂಪಾಯಿ ಜಾಸ್ತಿ, ಅಷ್ಟೇ. ಆಮೇಲೆ ಆ ಮೆಸೇಜನ್ನು ಇನ್ನೊಮ್ಮೆ ತೆಗೆದ. ಬ್ಯಾಂಕಿನ ಮೆಸೇಜ್ ಬಂದರೆ ಮೇಲೆ ಬ್ಯಾಂಕಿನ ಹೆಸರಿನ ಇಂಗ್ಲಿಷ್ ಅಕ್ಷರಗಳಿರುತ್ತವೆ. ಇದರ ಮೇಲಿದ್ದದ್ದು ಹತ್ತಂಕಿಯ ಮೊಬೈಲ್ ನಂಬರ್. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು. ಅವನು ನೋಡಿದ್ದು ಸೊನ್ನೆಗಳನ್ನು ಮಾತ್ರ.

ಕೈ ಸ್ವಲ್ಪ ನಡುಗುತ್ತಿತ್ತು. ಕೂತು ನೀರು ಕುಡಿದ.

"ಅಂಕಲ್, ಪೆನ್ ಕೊಡ್ಲೇ ಇಲ್ಲ."

ಡಬ್ಬಿಯಿಂದ ಒಂದು ತೆಗೆದುಕೊಟ್ಟ.

"ನೀಲಿ ಅಲ್ಲ ಅಂಕಲ್, ಕಪ್ಪು."

ಕಪ್ಪನ್ನೂ ಕೊಟ್ಟ. ನೀಲಿಯನ್ನು ವಾಪಸ್ ಇಸ್ಕೊಳ್ಳೋದು ಮರೆತ.

ಸರೋಜಾ ಊಟ ಮುಗಿಸಿ ಬಂದಳು. "ಯಾರ ಹತ್ರ ಅಷ್ಟು ಜೋರಾಗಿ ಮಾತಾಡ್ತಿದ್ರಿ? ಟೈಲರ್ ಕೇಳ್ತಿದ್ದ."

"ರಾಂಗ್ ನಂಬರ್."

ಅವಳು ಕೌಂಟರ್ ಒರೆಸುತ್ತಾ ಎಂದಿನಂತೆ ಬಾಕ್ಸಿನ ಗುಂಡಿಗೆ ಕೈ ಹಾಕಿದಳು, ಸೌಂಡ್ ಇಳಿಸಲು.

"ಇರ್ಲಿ ಬಿಡೇ," ಅಂದ ಮಂಜಣ್ಣ, "ಕೂಗ್ಲಿ."