ದೊಡ್ಡಮ್ಮನ ಫೋನಿಗೆ ಕಳಿಸಿದ ನಿಶ್ಚಿತಾರ್ಥದ ಹಾರೈಕೆ

ದೊಡ್ಡಮ್ಮಾ, ನಾನು ಬಸವನಗುಡಿಯಿಂದ ಗೀತಾ. ಫೋನ್ ಕಿವಿಗೆ ಒತ್ತಿ ಇಟ್ಕೋಬೇಡಿ, ದನಿ ಸಣ್ಣಗಾಗತ್ತೆ. ಎದುರಿಗೆ ಹಿಡ್ಕೊಳ್ಳಿ.

ಕಾರ್ತಿಕನ ನಿಶ್ಚಿತಾರ್ಥ ಸುಸೂತ್ರವಾಗಿ ಆಯ್ತಂತೆ, ಬಹಳ ಸಂತೋಷ. ಇವರ ಕಾಲಿನ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ, ಅದಕ್ಕೇ ಬರಕ್ಕಾಗಲಿಲ್ಲ. ಸಂಜೆ ಮಗನ ಕೈಲಿ ಒಂದು ಚೀಲ ಕಳಿಸ್ತೀನಿ. ಒಳಗೆ ಎರಡು ಕವರ್ ಇವೆ, ಎರಡರಲ್ಲೂ ಐನೂರ ಒಂದು ರೂಪಾಯಿ. ಹೆಸರು ಬರ್ದಿಲ್ಲ. ಕುಂಕುಮದ ಬೊಟ್ಟು ಇಟ್ಟಿರೋದು ಮೇಘನಾಗೆ, ಬರೀ ಅರಿಶಿನ ಹಚ್ಚಿರೋದು ಕಾರ್ತಿಕಂಗೆ. ಹಸಿರು ರವಿಕೆ ಕಣ ಅವಳಿಗೇ, ಎಲೆ ಅಡಿಕೆ ಜೊತೆ ನೀವೇ ಕೊಡಿ.

ಮಲ್ಲಿಗೆ ನಾಲ್ಕು ಮೊಳ ಇದೆ, ಗಾಂಧಿಬಜಾರಿಂದು, ಮೊಗ್ಗು. ನೀರು ಚಿಮುಕಿಸಿ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿಡಬೇಡಿ, ಬೆಳಿಗ್ಗೆಗೆ ಕಂದು ಬಣ್ಣ ತಿರುಗತ್ತೆ. ಒದ್ದೆ ಬಟ್ಟೆ ಹಿಂಡಿ ಸುತ್ತಿ ಫ್ರಿಜ್ಜಿನ ಕೆಳಗಡೆ ಇಡಿ. ಮೇಲಿನ ಐಸ್ ಪೆಟ್ಟಿಗೇಲಿ ಬೇಡ.

ನಾಳೆ ಮೇಘನಾ ಮನೆಗೆ ಬರ್ತಾಳಲ್ಲ, ಇಬ್ಬರನ್ನೂ ಕೂರಿಸಿ ಮುಂದಿನದು ಕೇಳಿಸಿ.

ಕಾರ್ತಿಕ, ಮೇಘನಾ, ನೂರು ಕಾಲ ಚೆನ್ನಾಗಿ ಬಾಳಿ. ಒಬ್ಬರು ಸಿಟ್ಟಾದಾಗ ಇನ್ನೊಬ್ಬರು ಸ್ವಲ್ಪ ತಗ್ಗಿ. ಎರಡೂ ಮನೆಯ ಹಿರಿಯರು ನಿಮ್ಮನ್ನ ನೋಡಿ ಹಿಗ್ಗೋ ಹಾಗಿರಲಿ. ಕಾರ್ತಿಕಾ, ಆಫೀಸು ಆಫೀಸು ಅಂತ ಅವಳ ಫೋನ್ ಕಟ್ ಮಾಡಬೇಡ, ಹೇಳಿದೀನಿ! ದೊಡ್ಡಮ್ಮನ ಕಾಲಿಗೆ ಇಬ್ಬರೂ ಒಟ್ಟಿಗೆ ನಮಸ್ಕಾರ ಮಾಡಿ.

ದೊಡ್ಡಮ್ಮಾ, ನಮ್ಮ ಪರವಾಗಿ ಅಕ್ಷತೆ ಹಾಕ್ಬಿಡಿ. ಮತ್ತೆ ಕೇಳಬೇಕಂದ್ರೆ ಆ ತ್ರಿಕೋನದ ಗುರುತು ಒಂದೇ ಸಲ ಒತ್ತಿ. ಮದುವೆ ಛತ್ರ ಗೊತ್ತಾದ್ಮೇಲೆ ಹೇಳಿ ಕಳಿಸಿ.