ಮುತ್ತಣ್ಣ ಮತ್ತು ದೇಚಮ್ಮ ಅವರಿಗೆ

ಸೋಮವಾರಪೇಟೆ

ಪ್ರೀತಿಯ ಮುತ್ತಣ್ಣ, ದೇಚಮ್ಮ,

ಇಬ್ಬರಿಗೂ ಮದುವೆಯ ಶುಭಾಶಯಗಳು. ಇಗ್ಗುತ್ತಪ್ಪ, ಕಾವೇರಮ್ಮ ನಿಮ್ಮನ್ನು ಸದಾ ಕಾಯಲಿ.

ಗೋಣಿಕೊಪ್ಪಲಿಗೆ ಬರಲು ತುಂಬಾ ಆಸೆಯಿತ್ತು. ಆದರೆ ಹಿಂದಿನ ದಿನ ಸಂಜೆ ಬೀಸಿದ ಗಾಳಿಗೆ ನಮ್ಮ ಕಡೆ ಮೂರು ಕಂಬ ಬಿದ್ದವು. ಫೋನ್ ಎತ್ತಲು ಆಫೀಸಿನಲ್ಲಿ ಯಾರಾದರೂ ಇರಲೇಬೇಕಿತ್ತು, ನಾನು ಉಳಿದುಕೊಂಡೆ. ಫೋಟೋಗಳನ್ನು ಮಾತ್ರ ಒಂದೂ ಬಿಡದೆ ನೋಡಿದ್ದೇನೆ. ಬಿಳಿ ಕುಪ್ಯ, ಕೆಂಪು ಚೇಲೆ, ಸೊಂಟದಲ್ಲಿ ಪೀಚೆಕತ್ತಿ. ಕೆಸರು ಮೆತ್ತಿದ ಪ್ಯಾಂಟಿನಲ್ಲೇ ಮುತ್ತಣ್ಣನವರನ್ನು ನೋಡಿದ ನಮಗೆಲ್ಲ ಎಷ್ಟು ಖುಷಿಯಾಯಿತು ಗೊತ್ತಾ! ದೇಚಮ್ಮ, ಗಂಗಾಪೂಜೆಯಲ್ಲಿ ನೀವು ತಲೆ ಮೇಲೆ ಬಿಂದಿಗೆ ಹೊತ್ತು ನಿಂತಿದ್ದಾಗ, ವಾಲಗಕ್ಕೆ ಕುಣಿದು ದಾರಿ ಬಿಡದವರಲ್ಲಿ ನಮ್ಮ ಲೈನ್‌ಮ್ಯಾನ್‌ಗಳೂ ಇದ್ದರಂತೆ. ಕತ್ತು ನೋವಾಗಿದ್ದರೂ ನಗುತ್ತಲೇ ಇದ್ದಿರಿ ಅಂತ ಬಂದವರೆಲ್ಲ ಹೇಳಿದರು.

ನಿಮ್ಮನ್ನು ನಾನಿನ್ನೂ ಕಂಡಿಲ್ಲ, ದೇಚಮ್ಮ. ನಿಮ್ಮ ಗಂಡನ ಜೊತೆ ಮಾತ್ರ 2018ರಿಂದ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಅವರು ಆಫೀಸಿನ ವಿಷಯ ಜಾಸ್ತಿ ಹೇಳುವವರಲ್ಲ ಅಂತ ನನ್ನ ಅಂದಾಜು. ಹಾಗಾಗಿ ನಾನು ಕಂಡದ್ದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಅವರು ಕೆಲಸಕ್ಕೆ ಸೇರಿದ ವರ್ಷವೇ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವು. ಮಕ್ಕಂದೂರು, ಮಾದಾಪುರದ ಕಡೆ ರಸ್ತೆಯೇ ಇರಲಿಲ್ಲ. ಹೊಸ ಹುಡುಗ, ಹೆದರುತ್ತಾನೆ ಅಂದುಕೊಂಡಿದ್ದೆವು. ಇವರು ತಂತಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಎಲ್ಲರ ಜೊತೆ ನಡೆದೇ ಹೋದರು. ಜನ ತಂಗಿದ್ದ ಶಾಲೆಯಲ್ಲಿ ಲೈಟ್ ಹತ್ತಿದ ಮೇಲೆಯೇ ಊಟಕ್ಕೆ ಕೂತರಂತೆ. ಇದನ್ನು ಅವರು ಯಾವತ್ತೂ ಹೇಳಿಕೊಂಡಿಲ್ಲ. ಜೊತೆಗಿದ್ದ ಲೈನ್‌ಮ್ಯಾನ್ ಹೇಳಿದ್ದು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದು. ಲೈನ್ ಕ್ಲಿಯರ್ ಸಿಕ್ಕಿದೆ ಅಂತ ಫೋನಿನಲ್ಲಿ ಕೇಳಿದರೂ ಇವರಿಗೆ ಸಾಲದು. ಕರೆಂಟ್ ಇಲ್ಲ ಅನ್ನುವುದನ್ನು ತಾವೇ ನೋಡಿ, ಅರ್ಥಿಂಗ್ ಹಾಕಿಸಿದ ಮೇಲೆಯೇ ಯಾರನ್ನಾದರೂ ಕಂಬಕ್ಕೆ ಹತ್ತಿಸುತ್ತಾರೆ. ಮಳೆ ಸುರಿಯುತ್ತಿರಲಿ, ಮೇಲಿನವರು ಅವಸರ ಮಾಡಲಿ, ಇದು ತಪ್ಪುವುದಿಲ್ಲ. ಕತ್ತಲಲ್ಲಿ ಕೂತ ಜನ ಬೈದರೆ ಬೈಗುಳವನ್ನು ತಾವು ತಿನ್ನುತ್ತಾರೆ. ಲೈನ್‌ಮ್ಯಾನ್‌ಗಳ ಹೆಂಡತಿಯರು ಇವರ ಹೆಸರು ಹೇಳಿ ದೇವರಿಗೆ ಕೈ ಮುಗಿಯುವುದನ್ನು ನಾನೇ ಕೇಳಿದ್ದೇನೆ. ಇಂಥವರ ಕೈ ಹಿಡಿದಿದ್ದೀರಿ ದೇಚಮ್ಮ. ನನಗೆ ತಮ್ಮನಿದ್ದಿದ್ದರೆ ಹೀಗಿರಲಿ ಅಂತ ಬಯಸುತ್ತಿದ್ದೆ.

ಆದರೆ ತಮ್ಮ ಬಗ್ಗೆ ಇವರಿಗೆ ಕಾಳಜಿ ಕಡಿಮೆ. ಜುಲೈ ಪೂರ್ತಿ ಒದ್ದೆ ಶೂನಲ್ಲೇ ಓಡಾಡುತ್ತಿದ್ದರು. ಕೆಮ್ಮು ಬಂದರೂ ಔಷಧಿ ತಗೊಳ್ಳುತ್ತಿರಲಿಲ್ಲ. ನಾವು ಹೇಳಿ ಹೇಳಿ ಸುಮ್ಮನಾಗಿದ್ದೆವು. ಕಳೆದ ಮಳೆಗಾಲದಲ್ಲಿ ನೋಡಿದರೆ ಜೀಪಿನಲ್ಲಿ ಒಂದು ಚೀಲ: ಟವೆಲ್, ಒಣಗಿದ ಸಾಕ್ಸ್, ಜಿಗಣೆಗೆ ಉಪ್ಪು, ಫ್ಲಾಸ್ಕಿನಲ್ಲಿ ಕರಿಮೆಣಸಿನ ಕಷಾಯ. ಯಾರು ಕೊಟ್ಟದ್ದು ಅಂತ ಕೇಳಿದೆ. “ದೇಚಮ್ಮ ಹೇಳಿದ್ರು” ಅಂದು ಆಚೆ ತಿರುಗಿಕೊಂಡರು. ಮದುವೆ ಮಾತುಕತೆ ಆಗಿ ಆಗಿನ್ನೂ ತಿಂಗಳಾಗಿತ್ತು. ಅವತ್ತೇ ನೀವು ನನಗೆ ಇಷ್ಟವಾದಿರಿ.

ಇನ್ನೇನು ಮಳೆ ಶುರುವಾಗುತ್ತದೆ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ, ಇವರು ಎದ್ದು ಹೋಗುತ್ತಾರೆ. ಹೊಸ ಮನೆ, ಹೊಸ ಊರು, ಹೊರಗೆ ಸುರಿಯುವ ಮಳೆ, ನೀವೊಬ್ಬರೇ. ಅದು ಸುಲಭವಲ್ಲ ಅಂತ ನನಗೆ ಗೊತ್ತು, ನನ್ನ ಗಂಡನೂ ಇದೇ ಇಲಾಖೆಯವರು. ಆ ಹೊತ್ತಿನಲ್ಲಿ ನನಗೆ ಫೋನ್ ಮಾಡಿ. ನಿದ್ದೆ ಕೆಡುತ್ತದೆ ಅಂತ ಸಂಕೋಚ ಬೇಡ. ಇವರು ಎಲ್ಲಿದ್ದಾರೆ, ಯಾವ ಫೀಡರ್, ಜೊತೆಗೆ ಯಾರಿದ್ದಾರೆ, ಎಲ್ಲ ವಿಚಾರಿಸಿ ಹೇಳುತ್ತೇನೆ.

ಮುತ್ತಣ್ಣ, ನಿಮಗೂ ಒಂದು ಮಾತು. ಕೈಲ್‌ಪೊಳ್ದ್, ಪುತ್ತರಿ ಬಂದಾಗಲೆಲ್ಲ ನಿಮ್ಮ ರಜೆಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದಿರಿ. ಈ ವರ್ಷ ಅದಾಗಬಾರದು. ಮೊದಲ ಪುತ್ತರಿಗೆ ಇಬ್ಬರೂ ಐನ್‌ಮನೆಯಲ್ಲಿ ಇರಬೇಕು, ಕದಿರು ತೆಗೆಯುವಾಗ ಒಟ್ಟಿಗೆ ಗದ್ದೆಗೆ ಹೋಗಬೇಕು. ರಜೆ ಅರ್ಜಿ ಬರೆದುಕೊಡಿ, ಸಾಹೇಬರ ಸಹಿ ಹಾಕಿಸುವುದು ನನ್ನ ಕೆಲಸ.

ಇದರ ಜೊತೆ ಎರಡು ಚಳ್ಳಕೆರೆ ಕಂಬಳಿ ಕಳಿಸಿದ್ದೇನೆ. ಜೂನ್‌ನಿಂದಲೇ ಬೇಕಾಗುತ್ತವೆ.

ಚೆನ್ನಾಗಿ ಬಾಳಿ. ಇಬ್ಬರ ಆರೋಗ್ಯವೂ ಗಟ್ಟಿಯಾಗಿರಲಿ, ಮನೆ ತುಂಬಾ ನಗು ಇರಲಿ. ಸೋಮವಾರಪೇಟೆಗೆ ಬಂದ ಮೊದಲ ಭಾನುವಾರ ನಮ್ಮ ಮನೆಯಲ್ಲೇ ಊಟ. ದೇಚಮ್ಮ, ನಿಮಗೆ ಏನಿಷ್ಟ ಅಂತ ಮುತ್ತಣ್ಣನವರ ಹತ್ತಿರ ಹೇಳಿ ಕಳಿಸಿ, ಅದನ್ನೇ ಮಾಡುತ್ತೇನೆ.

ಪ್ರೀತಿಯಿಂದ,
ಶಾರದಕ್ಕ