ಬಾದಾಮಿಗೆ ಒಂದೇ ಟಿಕೆಟ್

ಇದು ಆಲ್ಬಮ್ಮಿನ ಮೇಲಿನ ಬರಹ. ನವೆಂಬರ್‌ನ ಒಂದು ಶುಕ್ರವಾರದಿಂದ ಭಾನುವಾರದವರೆಗೆ ಬಾದಾಮಿಗೆ ಹೋಗಿದ್ದೆ. ಮೂರು ಜನ ಹೋಗೋದು ಅಂತ ಪ್ಲಾನ್ ಇತ್ತು, ಒಬ್ಬಳಿಗೆ ಆಡಿಟ್ ಬಂತು, ಇನ್ನೊಬ್ಬಳಿಗೆ ಅತ್ತೆ ಬಂದರು, ನನಗೆ ಏನೂ ಬರಲಿಲ್ಲ, ಹಾಗಾಗಿ ನಾನೊಬ್ಬಳೇ ಹೋದೆ. ತಂಗಿ ಹೇಳಿದಳು, "ಅಕ್ಕಾ, ಫೋಟೊ ಜೊತೆ ಒಂದು ಒಳ್ಳೆ ಲೈನ್ ಹಾಕೇ, ನಿನ್ನನ್ನು ನೀನು ಹುಡುಕಿಕೊಂಡ ಹಾಗೆ" ಅಂತ. ಹುಡುಕೋಕೆ ನಾನೇನು ಕಳೆದುಹೋಗಿರಲಿಲ್ಲ. ಛತ್ರಿ ಮಾತ್ರ ಕಳೆದಿದ್ದು, ಅದು ಸಿಗಲಿಲ್ಲ. ಪ್ರತಿ ಫೋಟೊ ಕೆಳಗೆ ಆವತ್ತು ಏನಾಯ್ತೋ ಅದನ್ನೇ ಬರೆದಿದ್ದೀನಿ.

ಫೋಟೊ 1: ರೈಲಿನ ಕಿಟಕಿ, ಪೂರ್ತಿ ಕಪ್ಪು
ಗೋಲ್ ಗುಂಬಜ್ ಎಕ್ಸ್‌ಪ್ರೆಸ್, ತುಮಕೂರು ಬಿಟ್ಟ ಮೇಲೆ. ಹೊರಗೆ ಏನೂ ಕಾಣ್ತಿಲ್ಲ, ಗಾಜಿನಲ್ಲಿ ಕಾಣ್ತಿರೋದು ನಾನು ಮತ್ತು ನನ್ನ ಊಟದ ಡಬ್ಬಿ. ಡಬ್ಬಿಯಲ್ಲಿ ಹನ್ನೆರಡು ಚಪಾತಿ. ಒಬ್ಬಳಿಗೆ ಎಷ್ಟು ಹಿಟ್ಟು ಕಲಸಬೇಕು ಅಂತ ನನ್ನ ಕೈಗೆ ಗೊತ್ತೇ ಇಲ್ಲ ಅನ್ನೋದು ಡಬ್ಬಿ ತೆಗೆದಾಗಲೇ ಗೊತ್ತಾಗಿದ್ದು. ಎದುರು ಸೀಟಿನ ಗದಗಿನ ಅಜ್ಜ ನಾಲ್ಕು ತಿಂದರು. ಉಪ್ಪು ಕಡಿಮೆ ಅಂದರು.

ಫೋಟೊ 2: ಬಾದಾಮಿ ಸ್ಟೇಷನ್, ಬೆಳಗ್ಗೆ
ಸ್ಟೇಷನ್ನಿಂದ ಊರಿಗೆ ಐದು ಕಿಲೋಮೀಟರ್ ಇದೆ. ಟಂಟಂನವನು ಬ್ಯಾಗ್ ಎತ್ತಿಟ್ಟುಕೊಂಡು ಹಿಂದೆ ನೋಡಿದ. "ಇನ್ನ ಯಾರ್ ಬರಬೇಕ್ರೀ ಅಕ್ಕಾರ?" ಅಂದ. "ಅವರು ಮುಂದಿನ ಗಾಡಿಗೆ ಬರ್ತಾರೆ" ಅಂದುಬಿಟ್ಟೆ. ಯಾರು ಆ ಅವರು? ಯಾರಿಗೆ ಗೊತ್ತು! ಬಾಯಿಗೆ ಬಂತು, ಹೇಳಿದೆ.

ಫೋಟೊ 3: ರೂಮಿನ ಬೀಗದ ಕೈ
ಲಾಡ್ಜಿನಲ್ಲಿ ಕೌಂಟರ್ ಹುಡುಗ ಯಜಮಾನರ ನಂಬರ್ ಬೇಕು ಅಂದ. ನನಗೆ ನಲವತ್ತೊಂದು ವರ್ಷ, ಬ್ಯಾಂಕಿನಲ್ಲಿ ದಿನಾ ನೂರು ಜನರ ಸಹಿ ನೋಡೋದೇ ಕೆಲಸ. ಸಿಟ್ಟು ಬಂತು, ಆದರೆ ಜಗಳ ಆಡೋ ಬದಲು ನನ್ನದೇ ಎರಡನೇ ಸಿಮ್‌ನ ನಂಬರ್ ಕೊಟ್ಟೆ. ಆತ ಅಲ್ಲೇ ಡಯಲ್ ಮಾಡಿದ. ನನ್ನ ಬ್ಯಾಗಿನೊಳಗೆ ರಿಂಗಾಯ್ತು. ಇಬ್ಬರೂ ಸ್ವಲ್ಪ ಹೊತ್ತು ಆ ರಿಂಗ್ ಕೇಳಿಸಿಕೊಂಡು ನಿಂತಿದ್ದೆವು. ಆಮೇಲೆ ಸುಮ್ನೆ ಬೀಗದ ಕೈ ಕೊಟ್ಟ. ಅದೇ ಇದು.

ಫೋಟೊ 4: ಒಂದನೇ ಗುಹೆಯ ನಟರಾಜ
ಹದಿನೆಂಟು ಕೈ. ನನಗೆ ಎರಡೇ, ಒಂದರಲ್ಲಿ ಫೋನು, ಇನ್ನೊಂದರಲ್ಲಿ ಕೋತಿಗೆ ಸಿಗದ ಹಾಗೆ ಎದೆಗವಚಿಕೊಂಡ ಬ್ಯಾಗು. ಫೋಟೊ ಅಲುಗಾಡಿರೋದು ಅದಕ್ಕೇ.

ಫೋಟೊ 5: ಖಾಲಿ ಮೆಟ್ಟಿಲು
ಇದರಲ್ಲಿ ನೋಡೋಕೆ ಏನೂ ಇಲ್ಲ ಅಂತ ಅನ್ನಿಸಬಹುದು. ಹದಿನಾಲ್ಕು ವರ್ಷದ ಹಿಂದೆ ಇಲ್ಲಿ ನಾನು ಕೂತಿದ್ದೆ. ಮಗನಿಗೆ ಆಗ ಒಂದೂವರೆ ವರ್ಷ, ಬಿಸಿಲಿಗೆ ಅಳು ನಿಲ್ಲಿಸ್ತಿರಲಿಲ್ಲ. ಒಂದನೇ ಗುಹೆ ನೋಡಿ ಇಲ್ಲೇ ಕೂತೆ, ಮಡಿಲಲ್ಲಿ ಅವನು, ಪಕ್ಕದಲ್ಲಿ ಎಲ್ಲರ ಬ್ಯಾಗು, ನೀರಿನ ಬಾಟಲಿ, ಮಾವನ ಕೈಕೋಲು ಕೂಡ. ಉಳಿದವರು ಮೇಲೆ ಹೋಗಿ ಬಂದರು. ನಮ್ಮವರು ಇಳಿದು ಬಂದು, "ಏನಿಲ್ಲ ಬಿಡು, ಎಲ್ಲಾ ಒಂದೇ ಥರ ಇವೆ" ಅಂದರು. ಕೆಟ್ಟದ್ದಕ್ಕೆ ಹೇಳಿದ್ದಲ್ಲ, ನನಗೆ ಬೇಜಾರಾಗದಿರಲಿ ಅಂತ ಹೇಳಿದ್ದು. ಅದು ಆಗಲೂ ಗೊತ್ತಿತ್ತು. ಮಗ ಈಗ ಎಸ್ಸೆಸ್ಸೆಲ್ಸಿ, ನನಗಿಂತ ಒಂದು ಗೇಣು ಎತ್ತರ ಇದ್ದಾನೆ.

ಫೋಟೊ 6: ಎರಡನೇ ಗುಹೆ
ವಾಮನ ಬೆಳೆದು ತ್ರಿವಿಕ್ರಮನಾಗಿ ಕಾಲೆತ್ತಿರೋದು. ಆ ಕಾಲು ಎಷ್ಟು ನೆಟ್ಟಗೆ ಹೋಗಿದೆ ನೋಡಿ. ಒಂದು.

ಫೋಟೊ 7: ಮೂರನೇ ಗುಹೆ
ಇಲ್ಲಿ ನಲವತ್ತು ನಿಮಿಷ ಇದ್ದೆ. ಫೋನಿನಲ್ಲಿ ಟೈಮ್ ನೋಡಿದ್ದಕ್ಕೆ ಗೊತ್ತಾಯ್ತು, ಇಲ್ಲದಿದ್ದರೆ ಹತ್ತು ನಿಮಿಷ ಅಂದುಕೊಳ್ತಿದ್ದೆ. ನಾಲ್ಕರಲ್ಲಿ ದೊಡ್ಡದು ಇದೇ. ಮಂಗಳೇಶ ಮಾಡಿಸಿದ್ದು, ಶಾಸನದಲ್ಲಿ ವರ್ಷವೇ ಇದೆ, ಕ್ರಿ.ಶ. 578. ವಿಷ್ಣು ಹಾವಿನ ಸುರುಳಿ ಮೇಲೆ ಮಲಗಿಲ್ಲ, ಆರಾಮಾಗಿ ಕೂತಿದ್ದಾನೆ, ಮನೆ ಜಗಲಿ ಮೇಲೆ ಸಂಜೆ ಕೂತ ಹಾಗೆ. ಛಾವಣಿಯಲ್ಲಿ ಹಳೇ ಬಣ್ಣ ಅಲ್ಲಲ್ಲಿ ಉಳಿದಿದೆ, ಅದನ್ನು ನೋಡೋಕೆ ಕತ್ತು ಎತ್ತಿಯೇ ಇರಬೇಕು. ಕಂಬದ ಮೇಲ್ತುದಿಯಲ್ಲಿ ಗಂಡ ಹೆಂಡತಿ ಜೋಡಿಗಳಿವೆ, ಒಂದೊಂದು ಜೋಡಿಯ ನಿಲುವೂ ಬೇರೆ, ಒಬ್ಬಾಕೆಗೆ ಗಂಡನ ಮಾತು ಬೇಕಿಲ್ಲದ ಹಾಗೆ ನನಗಂತೂ ಕಂಡಿತು. ಎರಡು.

ಒಂದು ಶಾಲೆಯ ಮಕ್ಕಳು ಬಂದರು, ಮೇಷ್ಟ್ರು "ನಡೀರಿ ನಡೀರಿ" ಅಂತ ಎಲ್ಲರನ್ನೂ ಐದೇ ನಿಮಿಷದಲ್ಲಿ ದಾಟಿಸಿದರು. ಒಬ್ಬ ಹುಡುಗಿ ಮಾತ್ರ ಹಿಂದೆ ಉಳಿದು ವರಾಹನ ಮೂತಿ ನೋಡ್ತಾ ನಿಂತಳು. ಅವಳನ್ನೂ ಕರೆದರು. ನನ್ನನ್ನು ಯಾರೂ ಕರೆಯಲಿಲ್ಲ.

ಫೋಟೊ 8: ನಾಲ್ಕನೇ ಗುಹೆ
ಜೈನರದ್ದು, ಚಿಕ್ಕದು. ಬಾಹುಬಲಿಯ ಕೈಕಾಲಿಗೆ ಬಳ್ಳಿ ಹಬ್ಬಿದೆ. ಹೊರಗೆ ಬಂದರೆ ಕೆಳಗೆ ಕೆರೆ ಇಡೀ ಕಾಣುತ್ತೆ. ಮೂರು. ಲೆಕ್ಕ ಮುಗಿಯಿತು.

ಫೋಟೊ 9: ಅಗಸ್ತ್ಯ ತೀರ್ಥ, ಹಿಂದೆ ಭೂತನಾಥ ಗುಡಿ, ಮುಂದೆ ಅರ್ಧ ನಾನು
ಕಟ್ಟೆ ಮೇಲೆ ನೀರಿನ ಬಾಟಲಿಗೆ ಫೋನ್ ಒರಗಿಸಿ ಟೈಮರ್ ಇಟ್ಟೆ. ಹತ್ತು ಸೆಕೆಂಡ್. ಎಂಟನೇ ಸೆಕೆಂಡಿಗೆ ಕೋತಿ ಬಾಟಲಿ ಎತ್ತಿಕೊಂಡು ಹೋಯ್ತು. ಫೋನ್ ಮಗುಚಿಕೊಳ್ಳೋ ಹೊತ್ತಿಗೆ ಬಿದ್ದ ಫೋಟೊ ಇದು, ನನ್ನ ಬಾಯಿ ತೆರೆದಿರೋದು ಕೋತಿಗೆ ಬೈತಾ ಇದ್ದಿದ್ದಕ್ಕೆ. ಪ್ರೊಫೈಲಿಗೆ ಇದನ್ನೇ ಹಾಕ್ತೀನಿ, ಮೂರು ದಿನದಲ್ಲಿ ನನ್ನ ಹಾಗೇ ಕಾಣೋದು ಇದೊಂದೇ.

ಫೋಟೊ 10: ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಕುಡಿಕೆಯಲ್ಲಿ ಗಟ್ಟಿ ಮೊಸರು
ಶನಿವಾರ ಬನಶಂಕರಿ ಗುಡಿಯ ಹತ್ತಿರ. ಬುಟ್ಟಿ ಇಟ್ಟುಕೊಂಡು ಕೂತವರಲ್ಲಿ ಒಬ್ಬ ಅಮ್ಮ ಕೈಬೀಸಿ ಕರೆದರು. ಕೂತ ತಕ್ಷಣ ಕೇಳಿದರು, "ಒಬ್ಬಾಕೀನ ಬಂದೀಯೇನವ್ವಾ?" ಈ ಸಲ ಸುಳ್ಳು ಹೇಳೋಕೆ ಬಾಯಿ ಖಾಲಿ ಇರಲಿಲ್ಲ, ತಲೆ ಆಡಿಸಿದೆ. "ನಾನೂ ದಿನಾ ಒಬ್ಬಾಕೀನ ಬರತೀನಿ, ಹೊರಿ ಹೊತ್ಕೊಂಡು" ಅಂದು ಇನ್ನೊಂದು ರೊಟ್ಟಿ ಹಾಕಿದರು. ಬೇಡ ಅಂದರೆ ಕೇಳಲಿಲ್ಲ.

ಮನೆಯಲ್ಲಿ, ಹೋಟೆಲಿನಲ್ಲಿ, ಎಲ್ಲೇ ಆಗಲಿ ನಾನು ಕೊನೆಗೆ ಆರ್ಡರ್ ಮಾಡೋಳು, ಮಗ ಏನು ಬಿಡ್ತಾನೋ ನೋಡಿಕೊಂಡು. ಇಲ್ಲಿ ಯಾರ ತಟ್ಟೆಯನ್ನೂ ನೋಡೋದಿರಲಿಲ್ಲ. ಹಾಗಾಗಿ ಜಾಸ್ತಿ ತಿಂದೆ. ಮಧ್ಯಾಹ್ನ ಎಲ್ಲಾ ನಿದ್ದೆ.

ಫೋಟೊ 11: ಬಸ್ ಟಿಕೆಟ್, ದರ ಸೊನ್ನೆ
ಭಾನುವಾರ, ಪಟ್ಟದಕಲ್ಲಿಗೆ. ಶಕ್ತಿ ಯೋಜನೆ ಟಿಕೆಟ್. ಕಂಡಕ್ಟರ್ "ಎಷ್ಟ್ ರೀ?" ಅಂದರು. "ಒಂದು" ಅಂದೆ. ಎಷ್ಟು ಚಿಕ್ಕ ಮಾತು! ಇಷ್ಟು ವರ್ಷ "ಎರಡೂವರೆ" ಅಂತಲೇ ಹೇಳಿದ್ದು, ಮಗನಿಗೆ ಫುಲ್ ಟಿಕೆಟ್ ಆದ ಮೇಲೂ ಎಷ್ಟೋ ದಿನ ಬಾಯಿತಪ್ಪಿ ಹಾಗೇ ಹೇಳ್ತಿದ್ದೆ.

ಫೋಟೊ 12: ವಿರೂಪಾಕ್ಷ ಗುಡಿಯ ಗೋಡೆ
ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ, ನೆನಪಿಗೆ ರಾಣಿ ಲೋಕಮಹಾದೇವಿ ಇದನ್ನು ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು, ಅವಳೂ ಅದೇ ರಾಜನ ರಾಣಿ. ಅಕ್ಕ ತಂಗಿ ಇಬ್ಬರೂ ಒಂದೇ ಮನೆ ಸೇರಿ, ಅಕ್ಕಪಕ್ಕ ಒಂದೊಂದು ಗುಡಿ ಎಬ್ಬಿಸಿದ್ದಾರೆ. ಅವರ ಮನೆಯೊಳಗಿನ ಮಾತು ಯಾವ ಕಲ್ಲಿನಲ್ಲೂ ಇಲ್ಲ, ಅದೊಂದು ಸಿಕ್ಕಿದ್ದರೆ ಅಂತ ಆಸೆ. ತಂಗಿ, ಇದು ನಿನಗೆ. ಒಳ್ಳೆ ಲೈನ್ ಕೇಳಿದ್ದೆಯಲ್ಲ, ನನ್ನ ಕೈಯಲ್ಲಿ ಆಗೋದು ಇಷ್ಟೇ.

ಫೋಟೊ 13: ಐಹೊಳೆ
ಫೋಟೊ ಇಲ್ಲ, ಯಾಕಂದ್ರೆ ಬಸ್ ತಪ್ಪಿತು. ಎಳನೀರು ಕುಡೀತಾ ನಿಂತಿದ್ದೆ, ಕಣ್ಣೆದುರೇ ಹೋಯ್ತು. ಮುಂದಿನದಕ್ಕೆ ಕಾದರೆ ರಾತ್ರಿ ರೈಲಿಗೆ ಕಷ್ಟ ಅಂತ ಕೈಬಿಟ್ಟೆ. ದುರ್ಗದ ಗುಡಿ, ಮೇಗುತಿ ಗುಡ್ಡದ ಶಾಸನ, ಎಲ್ಲಾ ಓದಿಕೊಂಡು ಬಂದಿದ್ದೆ. ಹೊಟ್ಟೆ ಉರೀತು. ನಮ್ಮ ಮನೆಯವರ ಜೊತೆ ಬಂದಿದ್ದರೆ ಈ ಬಸ್ಸಿನ ಕಥೆ ಹತ್ತು ವರ್ಷ ಪ್ರತಿ ಮದುವೆ ಮನೆಯಲ್ಲೂ ನಡೀತಿತ್ತು, "ಇವಳ ಎಳನೀರಿನಿಂದ" ಅಂತ. ಈಗ ಬೈಯೋಕೆ ನಾನೊಬ್ಬಳೇ, ಐದು ನಿಮಿಷಕ್ಕೆ ಸಾಕಾಯ್ತು.

ಫೋಟೊ 14: ಮಲಪ್ರಭೆ
ಐಹೊಳೆ ಬದಲು ಇಲ್ಲಿ ಕೂತೆ. ನದಿ ಪಟ್ಟದಕಲ್ಲಿನ ಹತ್ತಿರ ಉತ್ತರಕ್ಕೆ ಹರಿಯುತ್ತೆ, ಅದಕ್ಕೇ ಜನರಿಗೆ ಈ ಜಾಗ ಪವಿತ್ರ. ಒಬ್ಬ ಹೆಂಗಸು ಬಟ್ಟೆ ಒಗೆದು ಹಿಂಡಿ ಹರವಿದಳು, ನಾನು ಅದು ಒಣಗೋವರೆಗೂ ಇದ್ದೆ. ಸತ್ಯ ಹೇಳಬೇಕಂದ್ರೆ ಕೊನೆಯ ಅರ್ಧ ಗಂಟೆ ಬೇಜಾರಾಯ್ತು. ಯಾರಾದರೂ ಇದ್ದಿದ್ದರೆ ಅನ್ನಿಸಿತು. ಮನೆಗೆ ಫೋನ್ ಮಾಡಿದೆ, ಮಗ "ಅಮ್ಮಾ, ಗ್ಯಾಸ್ ಲೈಟರ್ ಎಲ್ಲಿ?" ಅಂದ. ಎರಡನೇ ಡ್ರಾಯರ್ ಅಂದೆ.

ಫೋಟೊ 15: ಕತ್ತಲು, ಟಂಟಂನ ಹಿಂದಿನ ದೀಪ
ಸ್ಟೇಷನ್ನಿಗೆ ವಾಪಸ್. ಬೇರೆ ಗಾಡಿ, ಅದೇ ಪ್ರಶ್ನೆ. ಕತ್ತಲಾಗಿತ್ತು, ರಸ್ತೆಯಲ್ಲಿ ಜನ ಕಡಿಮೆ. "ನಮ್ಮೆಜಮಾನ್ರು ಸ್ಟೇಷನ್ನಲ್ಲಿ ಕಾಯ್ತಿದ್ದಾರೆ" ಅಂದೆ. ಮೂರು ದಿನದಲ್ಲಿ ಧೈರ್ಯ ಬಂತು ಅಂತ ಬರೀಬೇಕು ಅಂತಿದ್ದೆ, ಆದರೆ ಇದು ನಡೆದಿದ್ದು ಹೀಗೆ. ಪಾಪ, ಆ ಹುಡುಗ ಒಳ್ಳೆಯವನೇ, ಬ್ಯಾಗ್ ಪ್ಲಾಟ್‌ಫಾರ್ಮ್‌ವರೆಗೂ ತಂದುಕೊಟ್ಟ. ಕಾಯ್ತಿರೋ ಯಜಮಾನರನ್ನು ಹುಡುಕಿ ಆಚೆ ಈಚೆ ನೋಡಿದ. ನಾನೂ ನೋಡಿದೆ.

ಫೋಟೊ 16: ಅಮೀನಗಡದ ಕರದಂಟು, ನಮ್ಮ ಡೈನಿಂಗ್ ಟೇಬಲ್ ಮೇಲೆ
ಸೋಮವಾರ ಬೆಳಗ್ಗೆ. ಡಬ್ಬಿ ತೆರೆದು ಐದು ನಿಮಿಷಕ್ಕೆ ಅರ್ಧ ಖಾಲಿ. ನಮ್ಮವರು ಕಾಫಿ ಕುಡೀತಾ, "ಹೇಗಿತ್ತು ಗುಹೆ?" ಅಂದರು.

"ನಾಲ್ಕೂ ಬೇರೆ ಬೇರೆ ಥರ ಇವೆ ಕಣ್ರೀ" ಅಂದೆ.

"ಹೌದಾ?" ಅಂದರು.